ಸಾಕ್ಷಿಯ ಸಾಲಿಗೆ ಬಿದ್ದ ಸಹಿಯಿಂದ ಪಾಲು ವರ್ಗವಾಗುವುದಿಲ್ಲ

ಸಿಂಧನೂರು, ಕಾರಟಗಿ, ಗಂಗಾವತಿ ಕಡೆಯ ನೀರಾವರಿ ಜಮೀನಿನ ಕ್ರಯಪತ್ರಗಳನ್ನು ಕಾನೂನು ಅಭಿಪ್ರಾಯಕ್ಕಾಗಿ ನನ್ನ ಬಳಿ ತರುವವರು ಸರ್ವೆ ನಂಬರು, ವಿಸ್ತೀರ್ಣ, ಚೆಕ್ಕುಬಂದಿಗಳನ್ನು ಬಹಳ ಕಾಳಜಿಯಿಂದ ನೋಡಿಕೊಂಡೇ ಬಂದಿರುತ್ತಾರೆ. ಕೊನೆಯ ಪುಟದ ಮಾತು ಬಂದಾಗ ಮಾತ್ರ ಅವರ ಉತ್ತರ ಒಂದೇ: "ಎಲ್ಲಾರ ಸಹಿ ಬಿದ್ದಾವ್ರಿ ಸಾಹೇಬ್ರ, ನೋಡ್ರಿ." ಸಹಿ ಬಿದ್ದಿರುವುದು ನಿಜವೇ. ಆದರೆ ಸಹಿ ಮಾಡಿದವರು ಆ ಪತ್ರದಲ್ಲಿ ಯಾವ ಹೈಸಿಯತ್ತಿನಿಂದ, ಯಾರ ಪರವಾಗಿ, ಯಾವ ಶೀರ್ಷಿಕೆಯ ಕೆಳಗೆ ಸಹಿ ಮಾಡಿದ್ದಾರೆ ಎಂಬುದನ್ನು ಯಾರೂ ಓದಿರುವುದಿಲ್ಲ. ಎಷ್ಟು ಸಲ ಹೇಳಿದರೂ ಮತ್ತೆ ಅದೇ ತಪ್ಪಿನ ಪತ್ರ ಮೇಜಿನ ಮೇಲೆ ಬರುವುದರಿಂದ ಇದೊಂದನ್ನೇ ಇಲ್ಲಿ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ನಾನು ನೋಡಿದ ಪತ್ರಗಳ ಮಾದರಿಯಲ್ಲೇ, ಹೆಸರು ಮತ್ತು ವಿವರಗಳನ್ನು ಬದಲಿಸಿ, ಒಂದು ಉದಾಹರಣೆ ಹೇಳುತ್ತೇನೆ. ಹನುಮಂತಪ್ಪ ಎಂಬವರ ಸ್ವಯಾರ್ಜಿತ ಜಮೀನು 2 ಎಕರೆ 20 ಗುಂಟೆ, ಅಂದರೆ 100 ಗುಂಟೆ. ಅವರು ಉಯಿಲು ಬರೆಯದೆ ತೀರಿಕೊಂಡರು. ಹೆಂಡತಿ ಈರಮ್ಮ, ದೊಡ್ಡ ಮಗ ಶರಣಪ್ಪ, ಮಗಳು ಮಲ್ಲಮ್ಮ, ಸಣ್ಣ ಮಗ ಯಂಕಪ್ಪ, ಈ ನಾಲ್ವರೇ ವಾರಸುದಾರರು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ನಾಲ್ವರಿಗೂ ಸಮಪಾಲು, ತಲಾ 25 ಗುಂಟೆ. ಕ್ರಯಪತ್ರದ ಮೊದಲ ಪುಟದಲ್ಲಿ ಬರೆದುಕೊಡುವವರೆಂದು ಮೂವರ ಹೆಸರಿದೆ: ಒಂದನೆಯವರು ಈರಮ್ಮ, ಎರಡನೆಯವರು ಶರಣಪ್ಪ, ಮೂರನೆಯವರು ಮಲ್ಲಮ್ಮ, "ಇವರ ಪರವಾಗಿ ಜಿ.ಪಿ.ಎ. ಹೋಲ್ಡರ್ ಆದ ಎರಡನೆಯವರು" ಎಂಬ ಮಾತಿನೊಂದಿಗೆ. ಕೊನೆಯ ಪುಟದಲ್ಲಿ ಈರಮ್ಮನ ಎಡಗೈ ಹೆಬ್ಬೆಟ್ಟಿನ ಗುರುತಿದೆ, ಶರಣಪ್ಪನ ಒಂದೇ ಒಂದು ಸಹಿಯಿದೆ, ಮೂರನೆಯ ಸಂಖ್ಯೆಯೇ ಇಲ್ಲ. ಅದರ ಕೆಳಗೆ ಸಾಕ್ಷಿದಾರರ ಸಾಲಿನಲ್ಲಿ ಮೊದಲನೆಯ ಹೆಸರು "ಯಂಕಪ್ಪ ತಂದೆ ಹನುಮಂತಪ್ಪ".

ಇಂಥ ಪತ್ರ ಬಂದಾಗ ನಾನು ಒಂದು ಹಾಳೆಯ ಮೇಲೆ ನಾಲ್ಕು ಕಲಂ ಎಳೆಯುತ್ತೇನೆ. ಮೊದಲನೆಯದರಲ್ಲಿ ಮೊದಲ ಪುಟದ ಪಕ್ಷಕಾರರ ಹೆಸರು, ತಂದೆ ಅಥವಾ ಗಂಡನ ಹೆಸರು ಮತ್ತು ಹೈಸಿಯತ್ತು. ಎರಡನೆಯದರಲ್ಲಿ "ಈ ಪತ್ರವನ್ನು ಓದಿಸಿ ಕೇಳಿ ಒಪ್ಪಿ ಸಹಿ ಮಾಡಿರುತ್ತೇವೆ" ಎಂಬ ಕೊನೆಯ ಪ್ಯಾರಾದಲ್ಲಿ ಯಾರು ಯಾರ ಪರವಾಗಿ ಎಂದಿದೆ ಎಂಬುದು. ಮೂರನೆಯದರಲ್ಲಿ ಸಹಿಗಳು ಹೇಗೆ ಬಿದ್ದಿವೆಯೋ ಹಾಗೆ. ನಾಲ್ಕನೆಯದರಲ್ಲಿ ಉಪನೋಂದಣಾಧಿಕಾರಿಯ ಹಿಂಬರಹದಲ್ಲಿ ಕಾಣುವ ಹೆಸರುಗಳು. ಮೊದಲ ಕಲಂನ ಪ್ರತಿಯೊಂದು ಸಾಲಿಗೂ ಉಳಿದ ಮೂರರಲ್ಲಿ ಜೋಡಿ ಸಿಗಬೇಕು. ಶರಣಪ್ಪ ಎರಡು ಹೈಸಿಯತ್ತಿನಲ್ಲಿರುವುದರಿಂದ ಅವನಿಗೆ ಎರಡು ಸಾಲು ಬರೆಯುತ್ತೇನೆ. ಆಗ ಮೂರನೆಯ ಕಲಂನಲ್ಲಿ ಒಂದು ಮನೆ ಖಾಲಿ ಉಳಿಯುವುದು ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಸಾಕ್ಷಿಗಳ ಹೆಸರನ್ನು ಕೆಳಗೆ ಬೇರೆಯಾಗಿ ಬರೆದು, ಅವರ ತಂದೆಯ ಹೆಸರನ್ನು ಮಾರುವವರ ಮನೆತನದ ಹೆಸರುಗಳೊಂದಿಗೆ ಹೋಲಿಸುತ್ತೇನೆ. ಇಲ್ಲಿ ಸಾಕ್ಷಿಯ ತಂದೆ ಹನುಮಂತಪ್ಪ ಎಂದು ಕಂಡ ಕೂಡಲೇ ವಂಶವೃಕ್ಷ ತರಿಸಿ ನೋಡಬೇಕೆಂದು ಗೊತ್ತಾಗುತ್ತದೆ.

ಜನ ಒಪ್ಪಲು ಎಲ್ಲಕ್ಕಿಂತ ಹೆಚ್ಚು ತಡಮಾಡುವುದು ಯಂಕಪ್ಪನ ವಿಷಯದಲ್ಲಿ. "ಅವನ ಸಹಿನೂ ಐತಲ್ರಿ" ಎನ್ನುತ್ತಾರೆ. ಸಾಕ್ಷಿ ಹೇಳುವುದು ಇಷ್ಟೇ: ಬರೆದುಕೊಟ್ಟವರು ಸಹಿ ಮಾಡಿದ್ದನ್ನು ನಾನು ಕಂಡಿದ್ದೇನೆ, ಅಥವಾ ಅದು ತಮ್ಮದೇ ಸಹಿ ಎಂದು ಅವರೇ ನನ್ನೆದುರು ಒಪ್ಪಿದ್ದಾರೆ. ನನ್ನ ಪಾಲನ್ನು ಮಾರಿದ್ದೇನೆ ಎಂದು ಅವನು ಎಲ್ಲಿಯೂ ಹೇಳಿಲ್ಲ. ಸಾಕ್ಷಿ ಹಾಕಿದವನಿಗೆ ಪತ್ರದೊಳಗಿನ ಸಂಗತಿಯೆಲ್ಲ ತಿಳಿದಿತ್ತೆಂದು ಸಹಿಯೊಂದರಿಂದಲೇ ಊಹಿಸಲಾಗದು ಎಂಬುದು ನ್ಯಾಯಾಲಯಗಳು ಬಹುಕಾಲದಿಂದ ಹೇಳಿಕೊಂಡು ಬಂದ ಮಾತು. ಅವನು ಹಣ ಪಡೆದದ್ದು, ಮಾತುಕತೆಯಲ್ಲಿ ಕುಳಿತದ್ದು, ಕಬ್ಜೆ ಬಿಟ್ಟುಕೊಟ್ಟದ್ದು ಬೇರೆ ಪುರಾವೆಯಿಂದ ಸಾಬೀತಾದರೆ ಮುಂದೆ ಅವನು ತಕರಾರು ಎತ್ತುವುದಕ್ಕೆ ಅಡ್ಡಿಯಾಗಬಹುದು. ಆದರೆ ಅದು ದಾವೆಯಲ್ಲಿ ತೀರ್ಮಾನವಾಗುವ ಮಾತು, ಅದನ್ನು ನಂಬಿ ಖರೀದಿಸಬೇಡಿ. ಕೆಲವರು "ಒಪ್ಪಿಗೆ ಸಾಕ್ಷಿ" ಎಂದು ಬರೆಸುತ್ತಾರೆ. ಬರೀ ಸಾಕ್ಷಿಗಿಂತ ಅದು ತುಸು ಮೇಲು, ಅಷ್ಟೇ. ಪಾಲು ಇರುವವನು ಬರೆದುಕೊಡುವವನಾಗಿಯೇ ಮೊದಲ ಪುಟದಲ್ಲಿಯೂ ಕೊನೆಯ ಪುಟದಲ್ಲಿಯೂ ಕಾಣಿಸಿಕೊಳ್ಳಬೇಕು.

ಮಲ್ಲಮ್ಮನ ವಿಷಯದಲ್ಲಿ ನಾನು ಅಷ್ಟು ಕಟುವಾಗಿ ಹೇಳುವುದಿಲ್ಲ. ಪತ್ರದ ಒಡಲಿನಲ್ಲಿ ಶರಣಪ್ಪ ಅವಳ ಪರವಾಗಿಯೂ ಬರೆದುಕೊಡುತ್ತಿದ್ದಾನೆಂದು ಸ್ಪಷ್ಟವಾಗಿದ್ದರೆ, ಒಂದೇ ಸಹಿ ಎರಡೂ ಹೈಸಿಯತ್ತಿಗೆ ಸಲ್ಲುತ್ತದೆಂದು ವಾದಿಸಲು ಅವಕಾಶವಿದೆ. ಇಲ್ಲಿ ನೋಂದಣಿಯ ಹಿಂಬರಹ ಬಹಳ ಉಪಯೋಗಕ್ಕೆ ಬರುತ್ತದೆ. 1908ರ ನೋಂದಣಿ ಕಾಯ್ದೆಯ 58ನೇ ಕಲಂ ಪ್ರಕಾರ, ಬರೆದುಕೊಟ್ಟದ್ದನ್ನು ಒಪ್ಪಿದ ಪ್ರತಿಯೊಬ್ಬರ ಸಹಿ ಅಲ್ಲಿರಬೇಕು, ಏಜೆಂಟರ ಮೂಲಕ ಒಪ್ಪಿದ್ದರೆ ಆ ಏಜೆಂಟರ ಸಹಿಯೂ ವಿವರವೂ ಇರಬೇಕು. ಹಿಂಬರಹದಲ್ಲಿ "ಮಲ್ಲಮ್ಮ ಪರವಾಗಿ ಶರಣಪ್ಪ" ಎಂದಿದ್ದರೆ ದೋಷ ಹಗುರವಾಗುತ್ತದೆ. ಅಲ್ಲಿಯೂ ಬರೀ ಶರಣಪ್ಪ ಎಂದಿದ್ದರೆ ಅವಳ 25 ಗುಂಟೆಯ ಬಗ್ಗೆ ನಾನು ಸ್ವಚ್ಛ ಅಭಿಪ್ರಾಯ ಬರೆದುಕೊಡುವುದಿಲ್ಲ. ಇದರ ಜೊತೆಗೆ ಜಿ.ಪಿ.ಎ. ಪ್ರತಿಯನ್ನು ತರಿಸಿ ಮೂರು ಸಂಗತಿ ನೋಡಲೇಬೇಕು: ಅದರಲ್ಲಿ ಮಾರುವ ಅಧಿಕಾರ ಬರೆದಿದೆಯೇ, ಕ್ರಯಪತ್ರದ ತಾರೀಖಿಗಿಂತ ಅದು ಮೊದಲಿನದೇ, ಆ ತಾರೀಖಿನಂದು ಮಲ್ಲಮ್ಮ ಬದುಕಿದ್ದಳೇ. ಅಧಿಕಾರ ಕೊಟ್ಟವರು ತೀರಿಕೊಂಡರೆ ಸಾಮಾನ್ಯವಾಗಿ ಮುಖತ್ಯಾರಿಕೆಯೂ ಮುಗಿಯುತ್ತದೆ.

ಸಾಕ್ಷಿ ಎಂಬ ಮಾತು ಬಂದದ್ದರಿಂದ ಇನ್ನೊಂದು ಗೊಂದಲವನ್ನೂ ಹೇಳಬೇಕು. ಕ್ರಯಪತ್ರಕ್ಕೆ ಸಾಕ್ಷಿದಾರರಿರಲೇಬೇಕೆಂದು ಆಸ್ತಿ ವರ್ಗಾವಣೆ ಕಾಯ್ದೆ ಹೇಳುವುದಿಲ್ಲ, ಆದರೆ ಸ್ಥಿರಾಸ್ತಿಯ ದಾನಪತ್ರಕ್ಕೆ ಕನಿಷ್ಠ ಇಬ್ಬರು ಬೇಕೇ ಬೇಕು. ನಮ್ಮ ಕಡೆಯ ಹಳೆಯ ದಾನಪತ್ರಗಳಲ್ಲಿ ಒಬ್ಬ ಸಾಕ್ಷಿಯ ಸಹಿ, ಅದರ ಕೆಳಗೆ ಬಿಕ್ಕಲಂ ಎಂದು ಬರೆದವರ ಸಹಿ, ಹಿಂಬರಹದಲ್ಲಿ ಗುರುತಿಸಿದವರಿಬ್ಬರ ಸಹಿ ಇರುತ್ತವೆ. ಒಟ್ಟು ನಾಲ್ಕಾಯಿತೆಂದು ಮನೆಯವರು ನೆಮ್ಮದಿಯಾಗಿರುತ್ತಾರೆ. ಪತ್ರ ಬರೆದವರು ತಾವು ಬರೆದದ್ದಕ್ಕೆ ಸಹಿ ಮಾಡಿದ್ದಾರೆ, ಗುರುತಿಸಿದವರು ಅಧಿಕಾರಿಯ ಎದುರು ಆಳನ್ನು ಗುರುತಿಸಿದ್ದಾರೆ. ಸಾಕ್ಷಿ ಹಾಕುವ ಉದ್ದೇಶದಿಂದಲೇ ಸಹಿ ಮಾಡಿದ್ದೆಂದು ಬೇರೆಯಾಗಿ ತೋರಿಸದ ಹೊರತು ಇವರನ್ನು ಎರಡನೆಯ ಸಾಕ್ಷಿಯೆಂದು ಎಣಿಸಲಾಗದು.

ನಮ್ಮ ಉದಾಹರಣೆಗೆ ಮರಳಿದರೆ, ಖರೀದಿದಾರರಿಗೆ ನಿಶ್ಚಿತವಾಗಿ ಬಂದದ್ದು 50 ಗುಂಟೆ, ವಾದಕ್ಕೆ ಆಸ್ಪದವಿರುವುದು 25, ಬಾರದೇ ಉಳಿದದ್ದು 25. ಇದನ್ನು ಕೇಳಿದವರು ಮೊದಲು ಕೇಳುವುದು "ತಿದ್ದುಪಡಿ ಪತ್ರ ಮಾಡಿಸಿದರ ಆತಲ್ರಿ?" ಎಂದು. ಸರ್ವೆ ನಂಬರಿನ ಅಂಕಿ ತಪ್ಪಿದ್ದರೆ, ತಂದೆಯ ಹೆಸರು ಬರೆಯುವಾಗ ಅಕ್ಷರ ಬಿದ್ದಿದ್ದರೆ ತಿದ್ದುಪಡಿ ಪತ್ರ ಸಾಕು. ಮಾರದೇ ಇದ್ದವನನ್ನು ಮಾರಿದವನನ್ನಾಗಿ ಮಾಡಲು ಅದರಿಂದಾಗುವುದಿಲ್ಲ. ಮಲ್ಲಮ್ಮನೇ ಬಂದು ಶರಣಪ್ಪ ತನ್ನ ಪರವಾಗಿ ಮಾಡಿದ ಮಾರಾಟವನ್ನು ಒಪ್ಪಿದ್ದೇನೆಂದು ದೃಢೀಕರಣ ಪತ್ರ ಬರೆದು ನೋಂದಾಯಿಸಿಕೊಡಬೇಕು. ಯಂಕಪ್ಪನಿಂದ ಅವನ ಕಾಲು ಪಾಲಿಗೆ ಬೇರೆ ಕ್ರಯಪತ್ರವೇ ಆಗಬೇಕು, ಅದಕ್ಕೆ ತಕ್ಕ ಮುದ್ರಾಂಕ ಶುಲ್ಕವನ್ನೂ ಕಟ್ಟಬೇಕು. ಖರ್ಚು ನೋಡಿ ಹಿಂಜರಿಯುವವರಿಗೆ ನಾನು ಹೇಳುವುದೆಂದರೆ, ಅಣ್ಣತಮ್ಮಂದಿರು ಒಂದೇ ಮನೆಯಲ್ಲಿ ಉಣ್ಣುತ್ತಿರುವಾಗಲೇ ಇದನ್ನು ಮುಗಿಸಿಕೊಳ್ಳಿ, ಏಕೆಂದರೆ ಯಂಕಪ್ಪ ತೀರಿಕೊಂಡ ಮೇಲೆ ಅವನೊಬ್ಬನ ಸಹಿಯ ಜಾಗದಲ್ಲಿ ಹೆಂಡತಿ, ಮಕ್ಕಳು, ತಾಯಿ ಎಲ್ಲರ ಸಹಿಯೂ ಬೇಕಾಗುತ್ತದೆ. ಮಕ್ಕಳು ಅಪ್ರಾಪ್ತರಾಗಿದ್ದರೆ ಅವರ ಪಾಲು ಮಾರಲು ನ್ಯಾಯಾಲಯದ ಅನುಮತಿ ಪಡೆಯುವ ಪ್ರಶ್ನೆಯೂ ಎದುರಾಗಬಹುದು.

ಹೊಸ ಪತ್ರ ಬರೆಸುವಾಗ ಸಹಿಯ ಜಾಗವನ್ನು ಖಾಲಿ ಅಂಕಿಗಳಾಗಿ ಬಿಡಬೇಡಿ. "2) ಶರಣಪ್ಪ ತಂದೆ ಹನುಮಂತಪ್ಪ, ಸ್ವಂತಕ್ಕಾಗಿ" ಎಂದೊಂದು ಗೆರೆ, "3) ಮಲ್ಲಮ್ಮ ತಂದೆ ಹನುಮಂತಪ್ಪ, ಇವರ ಪರವಾಗಿ ಜಿ.ಪಿ.ಎ. ಹೋಲ್ಡರ್ ಶರಣಪ್ಪ" ಎಂದು ಇನ್ನೊಂದು ಗೆರೆ ಮೊದಲೇ ಟೈಪ್ ಆಗಿರಲಿ. ಶರಣಪ್ಪ ಎರಡೂ ಕಡೆ ಸಹಿ ಮಾಡಿದ್ದಾನೆಂದು ನೋಡಿಕೊಂಡ ಮೇಲೆಯೇ ಪತ್ರವನ್ನು ನೋಂದಣಿ ಕಚೇರಿಯಲ್ಲಿ ಹಾಜರುಪಡಿಸಿ.