ಪರದೆಯ ಮೇಲೆ ಒಂದೇ ಬೆಲೆ, ಪೆಟ್ಟು ಹತ್ತು ಪಟ್ಟು

ಚಿನ್ನದ ಫ್ಯೂಚರ್ಸ್‌ಗೆ ಹೊಸದಾಗಿ ಬರುವವರ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಇರುತ್ತದೆ: "ಸರ್, ಖಾತೆಯಲ್ಲಿ ಎರಡು ಲಕ್ಷ ಇದೆ, ಎಷ್ಟು ಲಾಟ್ ತಗೋಬಹುದು?" ಆ್ಯಪ್ ಇದಕ್ಕೆ ತಟ್ಟನೆ ಉತ್ತರ ಕೊಡುತ್ತದೆ, ಏಕೆಂದರೆ ಅದು ನೋಡುವುದು ಮಾರ್ಜಿನ್, ಅಂದರೆ ವ್ಯವಹಾರಕ್ಕೆ ಮುಂಗಡವಾಗಿ ಇಡಬೇಕಾದ ಹಣ, ಸಾಕಾಗುತ್ತದೆಯೇ ಎಂಬುದನ್ನು ಮಾತ್ರ. ನಷ್ಟವಾದರೆ ನಿಮಗೆ ತಡೆಯುತ್ತದೆಯೇ ಎಂದು ಅದು ಕೇಳುವುದಿಲ್ಲ, ಕೇಳಬೇಕಾದ ಕೆಲಸವೂ ಅದರದ್ದಲ್ಲ. ಆ ಲೆಕ್ಕವನ್ನು ನಾವೇ ಹಾಕಬೇಕು. ಅದು ಶುರುವಾಗುವುದು ಲಾಟ್ ಗಾತ್ರದಿಂದ, ಅಂದರೆ ಒಂದು ಕಾಂಟ್ರ್ಯಾಕ್ಟ್‌ನಲ್ಲಿ ಎಷ್ಟು ಗ್ರಾಂ ಚಿನ್ನ ಇದೆ ಎಂಬುದರಿಂದ.

ಸರಕು ವಿನಿಮಯ ಕೇಂದ್ರ ಎಂಸಿಎಕ್ಸ್‌ನಲ್ಲಿ ಚಿನ್ನದ ದೊಡ್ಡ ಕಾಂಟ್ರ್ಯಾಕ್ಟ್ ಒಂದು ಕಿಲೋದ್ದು. ಹೊಸಬರು ಅದರ ಕಡೆ ತಿರುಗಿಯೂ ನೋಡಬೇಕಿಲ್ಲ. ಉಳಿದವು ನಾಲ್ಕು. ಗೋಲ್ಡ್ ಮಿನಿ 100 ಗ್ರಾಂ, 2025ರ ಏಪ್ರಿಲ್‌ನಲ್ಲಿ ಬಂದ ಗೋಲ್ಡ್ ಟೆನ್ 10 ಗ್ರಾಂ, ಗಿನಿ 8 ಗ್ರಾಂ, ಪೆಟಲ್ 1 ಗ್ರಾಂ. ಇಷ್ಟನ್ನು ಎಲ್ಲರೂ ಬಾಯಿಪಾಠ ಹೇಳುತ್ತಾರೆ. ಎಡವುವುದು ಮುಂದಿನ ಹೆಜ್ಜೆಯಲ್ಲಿ. ಯಾವ ಕಾಂಟ್ರ್ಯಾಕ್ಟ್‌ನ ಬೆಲೆಯನ್ನು ಎಷ್ಟು ಗ್ರಾಂಗೆ ತೋರಿಸುತ್ತಾರೆ ಎಂಬುದನ್ನು ಗಮನಿಸುವವರು ತೀರಾ ಕಡಿಮೆ.

ಲೆಕ್ಕಕ್ಕೆ ಅನುಕೂಲವಾಗಲಿ ಎಂದು 10 ಗ್ರಾಂ ಚಿನ್ನ 1,00,000 ರೂಪಾಯಿ ಎಂದಿಟ್ಟುಕೊಳ್ಳೋಣ. ಆಗ ವಾಚ್‌ಲಿಸ್ಟ್‌ನಲ್ಲಿ GOLDM ಎದುರಿಗೆ ಸುಮಾರು 1,00,000 ಕಾಣುತ್ತದೆ. GOLDTEN ಎದುರಿಗೂ ಸುಮಾರು 1,00,000. GOLDGUINEA 80,000ದ ಆಸುಪಾಸು, GOLDPETAL 10,000ದ ಆಸುಪಾಸು. ಇದನ್ನು ನೋಡಿದ ಹೊಸಬರ ಮನಸ್ಸಿನಲ್ಲಿ ಎರಡು ತಪ್ಪು ಎಣಿಕೆ ಮೂಡುತ್ತವೆ. ಮಿನಿ ಮತ್ತು ಟೆನ್ ಒಂದೇ ಅಳತೆಯವು ಎಂಬುದು ಒಂದು. ಗಿನಿಗಿಂತ ಮಿನಿ ಸ್ವಲ್ಪ ದೊಡ್ಡದು ಅಷ್ಟೇ ಎಂಬುದು ಇನ್ನೊಂದು. ಎರಡೂ ಸುಳ್ಳು.

ಟೆನ್, ಗಿನಿ, ಪೆಟಲ್ ಈ ಮೂರರಲ್ಲೂ ತೋರಿಸುವ ಬೆಲೆಯೇ ಇಡೀ ಲಾಟ್‌ನ ಬೆಲೆ. ಟೆನ್‌ನ ಬೆಲೆ 10 ಗ್ರಾಂಗೆ, ಲಾಟ್ ಕೂಡ 10 ಗ್ರಾಂ. ಗಿನಿಯ ಬೆಲೆ 8 ಗ್ರಾಂಗೆ, ಲಾಟ್ ಕೂಡ 8 ಗ್ರಾಂ. ಹಾಗಾಗಿ ಪರದೆಯಲ್ಲಿ ಬೆಲೆ ಒಂದು ರೂಪಾಯಿ ಅಲುಗಿದರೆ ನಿಮ್ಮ ಲಾಭ ನಷ್ಟವೂ ಲಾಟ್‌ಗೆ ಒಂದೇ ರೂಪಾಯಿ. ಮಿನಿಯಲ್ಲಿ ಮಾತ್ರ ಬೆಲೆ 10 ಗ್ರಾಂಗೆ, ಲಾಟ್ 100 ಗ್ರಾಂ. ಅಲ್ಲಿ ಒಂದು ರೂಪಾಯಿ ಅಲುಗಿದರೆ ನಿಮ್ಮ ಜೇಬಿನಲ್ಲಿ ಅಲುಗುವುದು ಹತ್ತು ರೂಪಾಯಿ. ಅಂದರೆ ಒಂದು ಲಾಟ್ ಮಿನಿ ಹಿಡಿದವರ ಕೈಯಲ್ಲಿರುವುದು ಒಂದು ಲಕ್ಷದ ಚಿನ್ನವಲ್ಲ, ಹತ್ತು ಲಕ್ಷದ ಚಿನ್ನ. "ಬರೀ ಐನೂರು ರೂಪಾಯಿ ಇಳಿದದ್ದಕ್ಕೆ ಐದು ಸಾವಿರ ಹೇಗೆ ಹೋಯಿತು, ಬ್ರೋಕರ್ ಏನೋ ತಪ್ಪು ಮಾಡಿದ್ದಾರೆ" ಎಂದು ದೂರು ತರುವವರ ಖಾತೆ ತೆರೆದು ನೋಡಿದರೆ ಅಲ್ಲಿ ಬಹಳ ಸಲ ಇರುವುದು ಒಂದೇ ಒಂದು ಲಾಟ್ GOLDM. ಬ್ರೋಕರ್ ತಪ್ಪು ಮಾಡಿರುವುದಿಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮಿನಿ ಮತ್ತು ಟೆನ್‌ನ ಬೆಲೆ ಪಕ್ಕಪಕ್ಕದಲ್ಲಿದ್ದರೂ ಕರಾರುವಾಕ್ಕಾಗಿ ಒಂದೇ ಇರುವುದಿಲ್ಲ. ಮಿನಿಯದ್ದು 995 ಶುದ್ಧತೆಯ ಚಿನ್ನ, ತಿಂಗಳ 5ರಂದು ಅವಧಿ ಮುಗಿಯುತ್ತದೆ. ಟೆನ್, ಗಿನಿ, ಪೆಟಲ್ 999 ಶುದ್ಧತೆಯವು, ತಿಂಗಳ ಕೊನೆಗೆ ಮುಗಿಯುತ್ತವೆ. ಬೆಲೆಯ ವ್ಯತ್ಯಾಸಕ್ಕೆ ಇವು ಕಾರಣ. ಅದನ್ನು ನೋಡಿ ಒಂದನ್ನು ಮಾರಿ ಇನ್ನೊಂದನ್ನು ಕೊಂಡರೆ ಪುಕ್ಕಟೆ ಲಾಭ ಸಿಗುತ್ತದೆ ಎಂದು ಹೊರಡಬೇಡಿ.

ಈಗ ಆ ಎರಡು ಲಕ್ಷಕ್ಕೆ ಬರೋಣ. ಮಾರ್ಜಿನ್ ದರ ಆಗಾಗ ಬದಲಾಗುತ್ತದೆ, ಮಾರುಕಟ್ಟೆ ಕುದಿಯುವಾಗ ಏರುತ್ತದೆ. ಇಲ್ಲಿ ಉದಾಹರಣೆಗೆ ಶೇ 10 ಎಂದಿಟ್ಟುಕೊಳ್ಳುತ್ತೇನೆ. ಮಿನಿಯ ಒಂದು ಲಾಟ್‌ಗೆ ಒಂದು ಲಕ್ಷ ಮಾರ್ಜಿನ್. ಎರಡು ಲಕ್ಷಕ್ಕೆ ಎರಡು ಲಾಟ್ ಸಿಗುತ್ತದೆ ಎಂದು ಆ್ಯಪ್ ಹೇಳುತ್ತದೆ, ಹೊಸಬರು ಖುಷಿಯಿಂದ ಒತ್ತುತ್ತಾರೆ. ಎರಡು ಲಕ್ಷದ ಮೇಲೆ ಇಪ್ಪತ್ತು ಲಕ್ಷದ ಚಿನ್ನ ನಿಂತಿತು.

2024ರ ಜುಲೈ 23ರ ಬಜೆಟ್‌ನಲ್ಲಿ ಚಿನ್ನದ ಆಮದು ಸುಂಕವನ್ನು ಶೇ 15ರಿಂದ ಶೇ 6ಕ್ಕೆ ಇಳಿಸಿದರು. ಎಂಸಿಎಕ್ಸ್‌ನಲ್ಲಿ ಚಿನ್ನ ಅದೇ ದಿನ ಶೇ 5ಕ್ಕಿಂತ ಹೆಚ್ಚು ಕುಸಿಯಿತು. ನ್ಯೂಯಾರ್ಕ್‌ನಲ್ಲಿ ಚಿನ್ನ ಬೀಳದಿದ್ದರೂ ಇಲ್ಲಿ ಬೀಳಬಹುದು ಎಂಬುದಕ್ಕೆ ಅದು ಒಳ್ಳೆಯ ನಿದರ್ಶನ. ಅಂಥ ಶೇ 5ರ ಕುಸಿತವನ್ನು ನಮ್ಮ ಲೆಕ್ಕಕ್ಕೆ ಹಾಕಿ ನೋಡಿ. 10 ಗ್ರಾಂಗೆ 5,000 ಇಳಿಯಿತು, ಮಿನಿ ಲಾಟ್‌ಗೆ 50,000, ಎರಡು ಲಾಟ್‌ಗೆ ಒಂದು ಲಕ್ಷ. ಈ ನಷ್ಟ ಕಾಗದದ ಮೇಲೆ ಉಳಿಯುವುದಿಲ್ಲ. ದಿನದ ಕೊನೆಗೆ ಖಾತೆಯಿಂದ ನಗದಾಗಿ ಹೋಗುತ್ತದೆ. ಉಳಿದದ್ದು ಒಂದು ಲಕ್ಷ. ಹೊಸ ಬೆಲೆ 95,000ಕ್ಕೆ ಎರಡು ಲಾಟ್‌ನ ಮಾರ್ಜಿನ್ 1,90,000. ಕೊರತೆ 90,000. ದುಡ್ಡು ತುಂಬಿ, ಇಲ್ಲವೇ ಬ್ರೋಕರ್ ಲಾಟ್ ಕತ್ತರಿಸುತ್ತಾರೆ. ಬೆಲೆ ವಾಪಸ್ ಬರುತ್ತದೆಯೇ ಇಲ್ಲವೇ ಎಂಬ ವಾದಕ್ಕೆ ಆಗ ಅವಕಾಶವೇ ಇರುವುದಿಲ್ಲ. ಅದೇ ದಿನ ಎರಡು ಲಾಟ್ ಟೆನ್ ಹಿಡಿದವರಿಗೆ ಹೋಗುವುದು 10,000. ಬೇಸರವಾಗುತ್ತದೆ, ಆದರೆ ಖಾತೆ ನಿಂತಿರುತ್ತದೆ.

"ನಾನು ಸ್ಟಾಪ್‌ಲಾಸ್ ಹಾಕ್ತೀನಿ ಸರ್, ಹಾಗಾಗಿ ಮಿನಿ ತಗೊಂಡರೂ ತೊಂದರೆ ಇಲ್ಲ." ಈ ಮಾತು ಕೇಳಿದಾಗಲೆಲ್ಲ ತಾಳ್ಮೆ ಕಳೆದುಕೊಳ್ಳುವಂತಾಗುತ್ತದೆ. ಏಕೆಂದರೆ ಲಾಟ್ ದೊಡ್ಡದಾದಷ್ಟೂ, ಬೆಲೆ ವಿರುದ್ಧ ಹೋದರೆ ತಾನಾಗಿ ಹೊರಬರಲು ಹಾಕಿಡುವ ಈ ಸ್ಟಾಪ್‌ಲಾಸ್‌ಗೆ ಜಾಗವೇ ಉಳಿಯುವುದಿಲ್ಲ, ಅದನ್ನು ಯಾರೂ ನೋಡುವುದಿಲ್ಲ.

ಒಂದು ವ್ಯವಹಾರದಲ್ಲಿ ಬಂಡವಾಳದ ಶೇ 1, ಅಂದರೆ 2,000 ರೂಪಾಯಿ ಮಾತ್ರ ಕಳೆದುಕೊಳ್ಳಲು ಸಿದ್ಧ ಎಂದುಕೊಳ್ಳಿ. ಚಿನ್ನ ಒಂದೇ ದಿನದಲ್ಲಿ ಶೇ 1ರಷ್ಟು ಅತ್ತಿತ್ತ ಆಡುವುದು ತೀರಾ ಮಾಮೂಲು, ಅಂದರೆ ನಮ್ಮ ಉದಾಹರಣೆಯಲ್ಲಿ ಸಾವಿರ ರೂಪಾಯಿ. ಹಾಗಾಗಿ ಎರಡು ಮೂರು ದಿನ ಹಿಡಿಯುವ ಯೋಚನೆಯಿದ್ದರೆ ಸ್ಟಾಪ್‌ಲಾಸ್ 10 ಗ್ರಾಂಗೆ ಕನಿಷ್ಠ 1,200 ರೂಪಾಯಿಯಾದರೂ ದೂರವಿರಬೇಕು ಎನ್ನೋಣ. ಮಿನಿಯಲ್ಲಿ 1,200 ಎಂದರೆ 12,000 ರೂಪಾಯಿ, ಬಂಡವಾಳದ ಶೇ 6. ಇದು ಭಯ ಹುಟ್ಟಿಸುತ್ತದೆ. ಆಗ ಹೊಸಬರು ಲಾಟ್ ಬದಲಿಸುವುದು ಬಿಟ್ಟು ಸ್ಟಾಪ್‌ಲಾಸನ್ನೇ ಹತ್ತಿರಕ್ಕೆ ಎಳೆಯುತ್ತಾರೆ. ಮಿನಿಯಲ್ಲಿ 2,000ದೊಳಗೆ ಉಳಿಯಬೇಕಾದರೆ ಅದು 200 ರೂಪಾಯಿ ದೂರದಲ್ಲಿ ನಿಲ್ಲಬೇಕು. ದಿನಕ್ಕೆ ಸಾವಿರ ರೂಪಾಯಿ ಓಡಾಡುವ ಸರಕಿಗೆ ಇನ್ನೂರರ ಬೇಲಿ. ಬೆಲೆ ಇತ್ತ ಒಮ್ಮೆ ಬಂದು ಅದನ್ನು ಮುಟ್ಟಿ, ಮತ್ತೆ ನೀವು ಅಂದುಕೊಂಡ ದಿಕ್ಕಿಗೇ ಹೋಗುತ್ತದೆ. "ನನ್ನ ಸ್ಟಾಪ್‌ಲಾಸ್ ಹೊಡೆಯೋಕೇ ಯಾರೋ ಕೂತಿದ್ದಾರೆ" ಎಂಬ ಗುಮಾನಿ ಹುಟ್ಟುವುದು ಹೀಗೆ. ಯಾರೂ ಕೂತಿರುವುದಿಲ್ಲ. ಅಮೆರಿಕದ ಹಣದುಬ್ಬರ, ಉದ್ಯೋಗದ ಅಂಕಿಅಂಶಗಳು ಬೇಸಿಗೆಯಲ್ಲಿ ನಮ್ಮ ಸಂಜೆ 6ಕ್ಕೆ, ಚಳಿಗಾಲದಲ್ಲಿ 7ಕ್ಕೆ ಹೊರಬೀಳುತ್ತವೆ. ಆ ಹೊತ್ತಿಗೆ ಇನ್ನೂರು ರೂಪಾಯಿ ಓಡಾಡಲು ನಿಮಿಷವೂ ಬೇಕಾಗುವುದಿಲ್ಲ.

ಲೆಕ್ಕವನ್ನು ತಿರುಗಿಸಿ ಹಾಕಿದರೆ ಎಲ್ಲ ಸರಿಹೋಗುತ್ತದೆ. ಮೊದಲು ಸ್ಟಾಪ್‌ಲಾಸ್ ಎಲ್ಲಿರಬೇಕು ಎಂದು ಚಾರ್ಟ್ ನೋಡಿ ನಿರ್ಧರಿಸಿ, ಆಮೇಲೆ ಅದಕ್ಕೆ ಒಗ್ಗುವ ಗ್ರಾಂ ಹುಡುಕಿ. 10 ಗ್ರಾಂಗೆ 1,200 ಎಂದರೆ ಗ್ರಾಂಗೆ 120. ಎರಡು ಸಾವಿರವನ್ನು 120ರಿಂದ ಭಾಗಿಸಿದರೆ 16 ಗ್ರಾಂ ಚಿಲ್ಲರೆ. ಅಷ್ಟೇ ನಿಮ್ಮ ಅಳತೆ. ಎರಡು ಲಾಟ್ ಗಿನಿ ಕೊಂಡರೆ ಸರಿಯಾಗಿ 16 ಗ್ರಾಂ. ಸ್ಟಾಪ್‌ಲಾಸ್ 8 ಗ್ರಾಂಗೆ 960 ದೂರ, ಒಟ್ಟು ಅಪಾಯ 1,920. ಅಥವಾ ಒಂದು ಟೆನ್ ಕೊಂಡು 1,200ಕ್ಕೇ ನಿಲ್ಲಿಸಿ. ಎರಡು ಟೆನ್ ಕೊಂಡರೆ 2,400, ಮಿತಿ ಸ್ವಲ್ಪ ದಾಟುತ್ತದೆ. ಸ್ಟಾಪ್‌ಲಾಸ್ ಹಾಕಿದ ಬೆಲೆಗೇ ಆರ್ಡರ್ ಹೋಗುತ್ತದೆ ಎಂಬ ಖಾತ್ರಿ ಇಲ್ಲ, ಬೆಲೆ ಜಿಗಿದರೆ ಅದಕ್ಕಿಂತ ಕೆಳಗೆ ಹೋಗಬಹುದು. ಆದ್ದರಿಂದ ಮಿತಿಯ ಅಂಚಿಗೆ ಹೋಗದಿರುವುದೇ ವಾಸಿ.

ಹಾಗಾದರೆ ಒಂದೊಂದೇ ಪೆಟಲ್ ಕೊಂಡು ಕಲಿಯಬಹುದಲ್ಲ ಎನ್ನುತ್ತೀರಿ. ಕಲಿಯಬಹುದು, ಆದರೆ ಖರ್ಚು ನೋಡಿ. ಬ್ರೋಕರ್ ಆರ್ಡರ್‌ಗೆ 20 ರೂಪಾಯಿ ಹಿಡಿಯುತ್ತಾರೆ ಎಂದುಕೊಳ್ಳಿ. ಕೊಳ್ಳಲು 20, ಮಾರಲು 20, ಮೇಲೆ ಶೇ 18 ಜಿಎಸ್‌ಟಿ ಸೇರಿ 47 ರೂಪಾಯಿ 20 ಪೈಸೆ. ಒಂದು ಪೆಟಲ್‌ನಲ್ಲಿ ಅಸಲು ಹುಟ್ಟಬೇಕಾದರೇ ಗ್ರಾಂಗೆ 47 ರೂಪಾಯಿ, ಅಂದರೆ 10 ಗ್ರಾಂಗೆ 470 ರೂಪಾಯಿ ಬೆಲೆ ಏರಬೇಕು. ಮಿನಿಯಲ್ಲಿ ಅದೇ ಖರ್ಚು 10 ಗ್ರಾಂಗೆ ಐದು ರೂಪಾಯಿಯೂ ಆಗುವುದಿಲ್ಲ. ಪೆಟಲ್‌ನಲ್ಲಿ ದಿಕ್ಕು ಸರಿಯಾಗಿ ಊಹಿಸಿಯೂ ತಿಂಗಳ ಕೊನೆಗೆ ನಷ್ಟದಲ್ಲಿರುವವರ ಕಾಂಟ್ರ್ಯಾಕ್ಟ್ ನೋಟ್ ತೆಗೆದು ನೋಡಿ, ಉತ್ತರ ಬ್ರೋಕರೇಜ್ ಕಾಲಂನಲ್ಲೇ ಇರುತ್ತದೆ. ಶುಲ್ಕ ಆರ್ಡರ್ ಲೆಕ್ಕದ್ದಾದರೆ ಹದಿನಾರು ಪೆಟಲ್‌ಗಳನ್ನು ಒಂದೇ ಆರ್ಡರ್‌ನಲ್ಲಿ ಕೊಳ್ಳಿ. ಒಂದೊಂದಾಗಿ ಹದಿನಾರು ಸಲ ಒತ್ತಬೇಡಿ. ಲಾಟ್ ಲೆಕ್ಕದಲ್ಲಿ ಶುಲ್ಕ ಹಿಡಿಯುವ ಬ್ರೋಕರ್ ಆದರೆ ಈ ಲೆಕ್ಕ ಬೇರೆಯೇ ಆಗುತ್ತದೆ, ಮೊದಲೇ ಕೇಳಿಕೊಳ್ಳಿ.

ಸಣ್ಣ ಕಾಂಟ್ರ್ಯಾಕ್ಟ್‌ಗಳಲ್ಲಿ ಇನ್ನೊಂದು ಎಚ್ಚರ ಬೇಕು. ದೂರದ ತಿಂಗಳಿನವುಗಳಲ್ಲಿ ಕೊಳ್ಳುವವರ ಬೆಲೆಗೂ ಮಾರುವವರ ಬೆಲೆಗೂ ನಡುವೆ ಅಂತರ ದೊಡ್ಡದಾಗಿರಬಹುದು. ಮಾರ್ಕೆಟ್ ಆರ್ಡರ್ ಒತ್ತುವ ಮುಂಚೆ ಆ ಎರಡು ಬೆಲೆ ನೋಡಿ, ಲಿಮಿಟ್ ಆರ್ಡರ್ ಹಾಕಿ. ಈ ಎಲ್ಲ ಕಾಂಟ್ರ್ಯಾಕ್ಟ್‌ಗಳಲ್ಲೂ ಡೆಲಿವರಿ ಕಡ್ಡಾಯ. ಚಿನ್ನ ಮನೆಗೆ ತರುವ ಉದ್ದೇಶ ಇಲ್ಲದಿದ್ದರೆ ಅವಧಿ ಮುಗಿಯುವುದಕ್ಕೆ ಕೊನೆಯ ವಾರದ ಮುಂಚೆಯೇ ಹೊರಬನ್ನಿ, ಏಕೆಂದರೆ ಕೊನೆಯ ದಿನಗಳಲ್ಲಿ ಮಾರ್ಜಿನ್ ಏರುತ್ತದೆ. ಕ್ವಾಂಟಿಟಿ ಕಾಲಂನಲ್ಲಿ 1 ಎಂದರೆ ಎಂಸಿಎಕ್ಸ್‌ನಲ್ಲಿ ಸಾಮಾನ್ಯವಾಗಿ ಒಂದು ಲಾಟ್. "ಹತ್ತು ಗ್ರಾಂ ಬೇಕಿತ್ತು" ಎಂದು GOLDM ಎದುರಿಗೆ 10 ಎಂದು ಟೈಪ್ ಮಾಡಿದವರು ಕೇಳಿದ್ದು ಒಂದು ಕಿಲೋ. ಅಷ್ಟು ಮಾರ್ಜಿನ್ ಖಾತೆಯಲ್ಲಿ ಇರುವುದಿಲ್ಲ, ಆರ್ಡರ್ ತಿರಸ್ಕಾರವಾಗುತ್ತದೆ, ಬಚಾವ್.

ಮಿನಿ ಯಾವಾಗ ಕೊಳ್ಳಬಹುದು ಎಂಬುದಕ್ಕೂ ಇದೇ ಲೆಕ್ಕ ಸಾಕು. 1,200 ರೂಪಾಯಿ ದೂರದ ಸ್ಟಾಪ್‌ಲಾಸ್‌ಗೆ ಮಿನಿಯಲ್ಲಿ ಅಪಾಯ 12,000. ಅದು ಶೇ 1 ಆಗಬೇಕಾದರೆ ಬಂಡವಾಳ 12 ಲಕ್ಷ ಇರಬೇಕು. ಶೇ 2ಕ್ಕೆ ಸಿದ್ಧ ಎನ್ನುವವರಿಗೆ 6 ಲಕ್ಷ. ಚಿನ್ನದ ಬೆಲೆ ಏರಿದಂತೆ ದಿನದ ಓಡಾಟವೂ ರೂಪಾಯಿಯಲ್ಲಿ ಹಿಗ್ಗುತ್ತದೆ, ಈ ಮೊತ್ತಗಳೂ ಮೇಲಕ್ಕೆ ಹೋಗುತ್ತವೆ. ಅಷ್ಟು ಬಂಡವಾಳ ಇದ್ದವರಿಗೂ ಮಿನಿ ಬದಲು ಹತ್ತು ಲಾಟ್ ಟೆನ್ ಹಿಡಿಯುವುದರಲ್ಲಿ ಒಂದು ಅನುಕೂಲವಿದೆ: ಬೆಲೆ ಅರ್ಧ ದಾರಿ ಹೋದಾಗ ಐದು ಲಾಟ್ ಮಾರಿ ಉಳಿದ ಐದನ್ನು ಇಟ್ಟುಕೊಳ್ಳಬಹುದು. ಒಂದು ಲಾಟ್ ಮಿನಿಯನ್ನು ಹೀಗೆ ಅರ್ಧ ಮಾಡಲು ಬರುವುದಿಲ್ಲ.