ಕುಲುಮೆಯ ಕಂಡಿ ಗೋಡೆಗಿಂತ ಹೆಚ್ಚು ಕಪ್ಪಾಗಿರುವುದೇಕೆ?

ಬಳ್ಳಾರಿಯ ಬೇಸಿಗೆಯ ಮಧ್ಯಾಹ್ನ ಬೀದಿಯಲ್ಲಿ ನಿಂತು, ಒಳಗೆಲ್ಲ ಸುಣ್ಣ ಬಳಿದ ಕೋಣೆಯೊಂದರ ತೆರೆದ ಕಿಟಕಿಯನ್ನು ನೋಡಿದರೆ ಅದು ಕಪ್ಪು ಚೌಕದಂತೆ ಕಾಣುತ್ತದೆ. ಅದೇ ಸುಣ್ಣ ಬಳಿದ ಹೊರಗೋಡೆ ಮಾತ್ರ ಕಣ್ಣು ಕುಕ್ಕುವಂತಿರುತ್ತದೆ. ಕುಲುಮೆಯ ಇಣುಕುಕಂಡಿಯ ಪರಿಣಾಮಕ ಉತ್ಸರ್ಜನಾಂಕ ಎಂಬ ವಿಷಯವನ್ನು ನಾನು ಈ ಕಿಟಕಿಯಿಂದಲೇ ಅರ್ಥ ಮಾಡಿಕೊಂಡೆನಾದ್ದರಿಂದ ಟಿಪ್ಪಣಿಯನ್ನೂ ಅಲ್ಲಿಂದಲೇ ಆರಂಭಿಸುತ್ತೇನೆ. ಬಿದ್ದ ಬೆಳಕನ್ನೆಲ್ಲ ಹೀರುವ ಪೂರ್ಣ ಕಪ್ಪು ಮೈಗೆ ಹೋಲಿಸಿದರೆ, ಅದೇ ತಾಪದ ಮೈಯೊಂದು ಎಷ್ಟು ಪಾಲು ಬೆಳಕನ್ನು ಹೊರಸೂಸುತ್ತದೆ ಎಂಬುದೇ ಉತ್ಸರ್ಜನಾಂಕ. ಕಂಡಿಯನ್ನೇ ಒಂದು ಮೈ ಎಂದು ಭಾವಿಸಿದಾಗ ಸಿಗುವುದು ಪರಿಣಾಮಕ ಉತ್ಸರ್ಜನಾಂಕ.

ಕೋಣೆ ಉದ್ದ, ಅಗಲ, ಎತ್ತರ ಮೂರರಲ್ಲೂ 3 ಮೀಟರ್ ಇದ್ದು, ಕಿಟಕಿ 60 ಸೆಂ.ಮೀ. ಚೌಕವಾಗಿದೆ ಎನ್ನೋಣ. ಒಳಮೈಯ ವಿಸ್ತೀರ್ಣ ಸುಮಾರು 54 ಚದರ ಮೀಟರ್, ಕಿಟಕಿಯದು 0.36. ಆದ್ದರಿಂದ ಗೋಡೆಯಿಂದ ಎಲ್ಲ ದಿಕ್ಕಿಗೂ ಚದುರುವ ಬೆಳಕಿನಲ್ಲಿ ಸರಾಸರಿ 0.0067 ಪಾಲಿಗೆ ಮಾತ್ರ ಕಿಟಕಿ ಸಿಗುತ್ತದೆ. ಈ ಪಾಲನ್ನು f ಎಂದು ಕರೆಯೋಣ. ಸುಣ್ಣದ ಮೈ ತನ್ನ ಮೇಲೆ ಬಿದ್ದ ಬೆಳಕಿನ 70 ಶೇಕಡವನ್ನು ಹಿಂದಿರುಗಿಸುತ್ತದೆ ಎಂದುಕೊಂಡರೆ, ಮೊದಲ ಸಲ ಗೋಡೆಗೆ ತಾಗಿದ ಬೆಳಕಿನಲ್ಲಿ 0.5 ಶೇಕಡಕ್ಕಿಂತಲೂ ಕಡಿಮೆ ಹೊರಬರುತ್ತದೆ. ಉಳಿದದ್ದು ಮತ್ತೊಂದು ಗೋಡೆಗೆ ಬಡಿದು, ಅಲ್ಲಿ ಇನ್ನೂ 30 ಶೇಕಡವನ್ನು ಕಳೆದುಕೊಳ್ಳುತ್ತದೆ. ಹೀಗೆ ಪ್ರತಿ ಸುತ್ತಿನಲ್ಲೂ ಹೊರಬರುವ ಚೂರುಗಳನ್ನೆಲ್ಲ ಕೂಡಿಸಿದರೂ ಒಟ್ಟು 1.5 ಶೇಕಡ ಮಾತ್ರ ಆಗುತ್ತದೆ. ಗೋಡೆ 70 ಶೇಕಡ ಹಿಂದಿರುಗಿಸುವಾಗ ಕಿಟಕಿ ಹಿಂದಿರುಗಿಸುವುದು 1.5 ಶೇಕಡವಷ್ಟೇ, ಕಪ್ಪಾಗಿ ಕಾಣಲು ಬೇರೆ ಕಾರಣ ಬೇಕಿಲ್ಲ.

ಒಂದೇ ತಾಪದಲ್ಲಿ, ಒಂದೇ ತರಂಗಾಂತರದಲ್ಲಿ, ಹೆಚ್ಚು ಹೀರುವುದು ಅಷ್ಟೇ ಹೆಚ್ಚು ಹೊರಸೂಸುತ್ತದೆ ಎಂಬುದು ಕಿರ್ಖಾಫ್ 1859–60ರಲ್ಲಿ ಕೊಟ್ಟ ನಿಯಮ. ಆದ್ದರಿಂದ ಇದೇ ಕೂಡಿಕೆಯನ್ನು ಬಿಸಿ ಕುಹರಕ್ಕೆ ಅನ್ವಯಿಸಿದರೆ ರಂಧ್ರದ ಪರಿಣಾಮಕ ಉತ್ಸರ್ಜನಾಂಕ ಸಿಗುತ್ತದೆ:

```
ε_eff = 1 / (1 + f(1/ε − 1))
```

ಇಲ್ಲಿ ε ಎಂಬುದು ಒಳಗೋಡೆಯ ಸ್ವಂತ ಉತ್ಸರ್ಜನಾಂಕ, f ಎಂಬುದು ರಂಧ್ರದ ವಿಸ್ತೀರ್ಣವನ್ನು ಗೋಡೆಯ ವಿಸ್ತೀರ್ಣದಿಂದ ಭಾಗಿಸಿದಾಗ ಬರುವ ಸಂಖ್ಯೆ. ಒಳಗೋಡೆಯ ತಾಪ ಎಲ್ಲೆಡೆ ಒಂದೇ ಇರಬೇಕು, ಗೋಡೆ ಬೆಳಕನ್ನು ಕನ್ನಡಿಯಂತೆ ಒಂದೇ ದಿಕ್ಕಿಗಲ್ಲದೆ ಎಲ್ಲ ಕಡೆಗೂ ಚದುರಿಸಬೇಕು ಎಂಬ ಎರಡು ಷರತ್ತುಗಳು ಈ ಸೂತ್ರದೊಳಗೆ ಅಡಗಿವೆ.

ಈಗ ಪ್ರಯೋಗಾಲಯದ ಪೆಟ್ಟಿಗೆ ಕುಲುಮೆಯನ್ನು ತೆಗೆದುಕೊಳ್ಳೋಣ. ಒಳಗೆ 30 ಸೆಂ.ಮೀ. ಘನ, ಬಿಳಿಯ ಗೋಡೆಯ ε 0.4, ಇಣುಕುಕಂಡಿಯ ವ್ಯಾಸ 4 ಸೆಂ.ಮೀ. ಕಂಡಿ 12.6 ಚದರ ಸೆಂ.ಮೀ., ಗೋಡೆ ಸುಮಾರು 5390, f 0.0023 ಆಗಿ, ε_eff 0.9965 ಬರುತ್ತದೆ. ಒಂದೂವರೆ ಗೇಣಿನ ಪೆಟ್ಟಿಗೆಯೊಂದು ಸಾಧಾರಣ ಗೋಡೆಯಿಂದಲೇ ಇಷ್ಟು ಕಪ್ಪನ್ನು ಹುಟ್ಟಿಸುತ್ತದೆ. ಕಂಡಿಯ ಬದಲು 20 ಸೆಂ.ಮೀ. ಚೌಕದ ಬಾಗಿಲನ್ನೇ ತೆರೆದರೆ f 0.08ಕ್ಕೆ ಏರಿ ε_eff 0.89ಕ್ಕೆ ಇಳಿಯುತ್ತದೆ.

ಇದರ ಫಲ, ಮೈಯಿಂದ ಹೊರಬರುವ ಬೆಳಕನ್ನು ಅಳೆದು ದೂರದಿಂದಲೇ ತಾಪ ಹೇಳುವ ಪೈರೋಮೀಟರಿನಲ್ಲಿ ಕಾಣುತ್ತದೆ. ಕುಲುಮೆ ನಿಜವಾಗಿ 1000 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದು, ಉಪಕರಣ 0.65 ಮೈಕ್ರಾನಿನ ಕೆಂಪು ಬೆಳಕನ್ನು ಅಳೆಯುತ್ತ, ಉತ್ಸರ್ಜನಾಂಕ 1 ಎಂದೇ ನಂಬಿದೆ ಎನ್ನೋಣ. 0.4 ಉತ್ಸರ್ಜನಾಂಕದ ತುಂಡೊಂದನ್ನು ಬಯಲಿನಲ್ಲಿ 1000 ಡಿಗ್ರಿಗೆ ಕಾಯಿಸಿ ನೋಡಿದರೆ ಉಪಕರಣ ಸುಮಾರು 936 ಡಿಗ್ರಿ ತೋರಿಸುತ್ತದೆ, ಅಂದರೆ 64 ಡಿಗ್ರಿ ತಪ್ಪು. ಕಂಡಿಯ ಮೂಲಕ ನೋಡಿದಾಗ ತಪ್ಪು ಕಾಲು ಡಿಗ್ರಿಯಷ್ಟೇ. ಕಂಡಿಯಿಂದ ನೋಡುವಾಗಲೂ ಪುಸ್ತಕದಲ್ಲಿರುವ ಗೋಡೆಯ 0.4ನ್ನೇ ಉಪಕರಣಕ್ಕೆ ಕೊಡುವುದು ಹೊಸಬರು ಮಾಡುವ ತಪ್ಪು, ನಾನೂ ಮಾಡಿದ್ದೇನೆ. ಆಗ ಉಪಕರಣ ಅಗತ್ಯವಿಲ್ಲದ ತಿದ್ದುಪಡಿ ಮಾಡಿ ಸುಮಾರು 70 ಡಿಗ್ರಿ ಹೆಚ್ಚು ತೋರಿಸುತ್ತದೆ.

ತಣ್ಣಗಿನ ಕುಲುಮೆಯಲ್ಲಿ ಕಂಡಿ ಕಪ್ಪಾಗಿದ್ದರೆ, ಕಾದ ಕುಲುಮೆಯಲ್ಲಿ ಅದೇ ಕಂಡಿ, ಅದೇ ತಾಪದ ಬಿಡಿ ಮೈಗಿಂತ ಹೆಚ್ಚು ಹೊಳೆಯುತ್ತದೆ. 'ಕಪ್ಪು' ಎಂಬ ಮಾತು ಇಲ್ಲಿ ಬಣ್ಣಕ್ಕಲ್ಲ, ಹೀರುವ ಗುಣಕ್ಕೆ ಸೇರಿದ್ದು.

ಒಳಗೆಲ್ಲ ತಾಪ ಸಮನಾಗಿದೆಯೇ ಎಂದು ತಿಳಿಯಲು ಕಣ್ಣೇ ಒಳ್ಳೆಯ ಸಾಧನ, ಆದರೆ ಕುಲುಮೆಗೆ ಹೊಂದುವ ಗಾಢ ಬಣ್ಣದ ಗಾಜಿನ ಮೂಲಕವೇ ನೋಡಬೇಕು. ತಾಪ ಸಮನಾದಾಗ ಇಟ್ಟಿಗೆಯ ಸಂದು, ಮೂಸೆಯ ಅಂಚು ಎಲ್ಲವೂ ಒಂದೇ ಪ್ರಕಾಶದಲ್ಲಿ ಕರಗಿಹೋಗುತ್ತವೆ. ಯಾಕೆಂದರೆ ಕಡಿಮೆ ಹೊರಸೂಸುವ ಮೈ ಅಷ್ಟೇ ಹೆಚ್ಚು ಪ್ರತಿಫಲಿಸಿ ಕೊರತೆಯನ್ನು ತುಂಬುತ್ತದೆ. ಸಂದುಗಳು ಸ್ಪಷ್ಟವಾಗಿ ಕಾಣುತ್ತಿದ್ದರೆ ಸೂತ್ರದ ಮೊದಲ ಷರತ್ತು ಮುರಿದಿದೆ. ಕುಲುಮೆಯೊಳಗೆ ಈಗಷ್ಟೇ ಇಟ್ಟ ತಣ್ಣನೆಯ ಉಕ್ಕಿನ ತುಂಡು ಈ ಷರತ್ತನ್ನು ಕೆಟ್ಟದಾಗಿ ಮುರಿಯುತ್ತದೆ. ಗೋಡೆಯ ಬೆಳಕನ್ನು ಅದು ಪ್ರತಿಫಲಿಸುವುದರಿಂದ ಪೈರೋಮೀಟರ್ ತುಂಡಿನ ತಾಪಕ್ಕಿಂತ ಹೆಚ್ಚನ್ನು ತೋರಿಸುತ್ತದೆ, ಮತ್ತು ಆಗ ε_eff ಎಷ್ಟೇ ಚೆನ್ನಾಗಿದ್ದರೂ ಆ ಓದಿಕೆ ತುಂಡಿನದಾಗುವುದಿಲ್ಲ.

ಗೋಡೆಯಲ್ಲೇ ಕೊರೆದ ಆಳದ ತೂತಿನಲ್ಲಿ ಇನ್ನೊಂದು ತೊಡಕಿದೆ. ಎಷ್ಟು ಆಳ ಮಾಡಿದರೂ ಬಾಯಿಯ ಹತ್ತಿರದ ಭಾಗ ಹೊರಗಿನ ತಂಪನ್ನು ನೇರವಾಗಿ ನೋಡುತ್ತಿರುತ್ತದೆ, ಹಾಗಾಗಿ ಓರೆಯಾಗಿ ನೋಡಿದರೆ ಕಾಣುವುದು ಆ ತಂಪಾದ ಅಂಚು. ತೂತಿನ ನಡುಗೆರೆಗೆ ಕಣ್ಣಿಟ್ಟು, ಉಪಕರಣದ ಗುರಿ ತೂತಿನ ತಳದೊಳಗೇ ಇರುವಂತೆ ನಿಲ್ಲಬೇಕು.