ಷೇರು, ಸಾಲ ಎತ್ತುವ ಖರ್ಚನ್ನು ಎಲ್ಲಿ ಸೇರಿಸಬೇಕು: ಹೂಡಿಕೆಗೋ, ಡಿಸ್ಕೌಂಟ್ ರೇಟಿಗೋ?

ಪ್ರಶ್ನೆ: ಹೊಸ ಯೋಜನೆಗೆ ಷೇರು ಬಿಡುಗಡೆ ಮಾಡಿ, ಜೊತೆಗೆ ಸಾಲವನ್ನೂ ತೆಗೆದುಕೊಳ್ಳಬೇಕು. ಅದರ ಖರ್ಚನ್ನು ಕೆಲವರು ಆರಂಭದ ಹೂಡಿಕೆಗೆ ಸೇರಿಸುತ್ತಾರೆ, ಕೆಲವರು ಡಿಸ್ಕೌಂಟ್ ರೇಟನ್ನೇ ಏರಿಸುತ್ತಾರೆ. ಯಾವುದು ಸರಿ?

ಹೂಡಿಕೆಗೆ ಸೇರಿಸಿ. ರೇಟನ್ನು ಮುಟ್ಟಬೇಡಿ.

ಕಾರಣ ಸರಳ. ಅಂಡರ್‌ರೈಟರ್ ಕಮಿಷನ್, ವಕೀಲರ ಫೀ, ಬ್ಯಾಂಕಿನ ಪ್ರೊಸೆಸಿಂಗ್ ಫೀ ಇವೆಲ್ಲ ಮೊದಲ ದಿನವೇ ಕೈಬಿಟ್ಟು ಹೋಗುವ ದುಡ್ಡು. ಮತ್ತೆ ಮತ್ತೆ ಕೊಡುವಂಥದ್ದಲ್ಲ. ಡಿಸ್ಕೌಂಟ್ ರೇಟ್ ಹೇಳುವುದು ಬೇರೆಯದೇ ವಿಷಯ: ಇಷ್ಟು ರಿಸ್ಕಿಗೆ ದುಡ್ಡು ಹಾಕಿದವರು ವರ್ಷಕ್ಕೆ ಎಷ್ಟು ಬಯಸುತ್ತಾರೆ ಅಂತ. ವಕೀಲರು ಜಾಸ್ತಿ ಫೀ ತೆಗೆದುಕೊಂಡರು ಅಂತ ಯೋಜನೆಯ ರಿಸ್ಕ್ ಏರುವುದಿಲ್ಲ ಅಲ್ವಾ?

ಒಂದು ಲೆಕ್ಕ ನೋಡೋಣ. ಯೋಜನೆಗೆ ಬೇಕಾಗಿರುವುದು 100 ಲಕ್ಷ. ಕಂಪನಿ ದುಡ್ಡು ಎತ್ತುವುದು 60% ಷೇರು, 40% ಸಾಲದಿಂದ. ಷೇರುದಾರರು ಬಯಸುವ ಪ್ರತಿಫಲ 12%, ತೆರಿಗೆ ಕಳೆದ ಮೇಲೆ ಸಾಲದ ವೆಚ್ಚ 7%, ಹಾಗಾಗಿ ಸರಾಸರಿ ಸರಿಯಾಗಿ 10%. ಎತ್ತಿದ ದುಡ್ಡಿನಲ್ಲಿ ಷೇರಿನ ಖರ್ಚು 5%, ಸಾಲದ ಫೀ 1%. ಇದೇ ತೂಕದಲ್ಲಿ ಸೇರಿಸಿದರೆ 3.4% ಬರುತ್ತದೆ.

ಇಲ್ಲೇ ಹಲವರು ಎಡವುತ್ತಾರೆ. 100ಕ್ಕೆ 3.4 ಸೇರಿಸಿ 103.4 ಅಂತ ಬರೆದುಬಿಡುತ್ತಾರೆ. ಆದರೆ ಫೀ ಬೀಳುವುದು ಎತ್ತಿದ ಒಟ್ಟು ದುಡ್ಡಿನ ಮೇಲೆ, ಫೀಗಾಗಿ ಎತ್ತಿದ ದುಡ್ಡೂ ಅದರಲ್ಲಿ ಸೇರಿದೆ, ಹಾಗಾಗಿ ಸೇರಿಸುವುದಲ್ಲ, ಭಾಗಿಸಬೇಕು.

```
100 / (1 − 0.034) = 103.52
```

ನಿಜವಾದ ಖರ್ಚು 3.52 ಲಕ್ಷ.

ಯೋಜನೆ 3 ವರ್ಷದ್ದು, ವರ್ಷಕ್ಕೆ 41 ಲಕ್ಷ ತರುತ್ತದೆ ಅಂದುಕೊಳ್ಳಿ. 10% ರೇಟಿನಲ್ಲಿ ಅದರ ಇಂದಿನ ಬೆಲೆ 101.96. ಅದರಲ್ಲಿ 103.52 ಕಳೆದರೆ 1.56 ಲಕ್ಷ ನಷ್ಟ. ಯೋಜನೆ ಬೇಡ.

ಈಗ ರೇಟ್ ಏರಿಸುವವರ ದಾರಿ ಹಿಡಿಯೋಣ. ಷೇರಿನ ಬೆಲೆ P = 100, ಮುಂದಿನ ಡಿವಿಡೆಂಡ್ D1 = 7, ಬೆಳವಣಿಗೆ g = 5%, ಷೇರಿನ ಖರ್ಚು f = 5% ಅಂತಿದ್ದರೆ ಅವರ ಸೂತ್ರ ಇದು:

```
D1 / (P × (1 − f)) + g = 7 / 95 + 5% = 12.37%
```

ಹತ್ತು ವರ್ಷದ ಸಾಲಕ್ಕೆ ಫೀ ಸೇರಿಸಿದರೆ 7% ಇದ್ದದ್ದು ಸುಮಾರು 7.1% ಆಗುತ್ತದೆ. ಸರಾಸರಿ 10.26%. ಈ ರೇಟಿನಲ್ಲಿ ಅದೇ ಮೂರು ವರ್ಷದ ದುಡ್ಡಿನ ಬೆಲೆ 101.50, ಹೂಡಿಕೆ 100, ಅಂದರೆ 1.50 ಲಾಭ. ಯೋಜನೆ ಪಾಸ್! ಕೊಟ್ಟದ್ದು 3.52 ಲಕ್ಷ, ಲೆಕ್ಕಕ್ಕೆ ಬಂದದ್ದು 0.46 ಮಾತ್ರ.

ಯೋಜನೆ 25 ವರ್ಷದ್ದಾಗಿದ್ದು ವರ್ಷಕ್ಕೆ 11.3 ಲಕ್ಷ ತಂದರೆ? ಅದೇ ರೇಟ್ ಏರಿಕೆ ಈಗ ಸುಮಾರು 2.02 ಲಕ್ಷ ಕಳೆಯುತ್ತದೆ. ಖರ್ಚು ಎರಡೂ ಕಡೆ ಒಂದೇ, ಆದರೆ ಯೋಜನೆಯ ಆಯಸ್ಸು ನೋಡಿಕೊಂಡು ಲೆಕ್ಕಕ್ಕೆ ಬರುವ ಮೊತ್ತ ಬದಲಾಗುತ್ತಿದೆ. ಮೂಲ ಎಲ್ಲಿದೆ ಅಂದರೆ ಆ ಸೂತ್ರದಲ್ಲಿ. ಡಿವಿಡೆಂಡ್ ಎಂದೆಂದಿಗೂ 5% ಬೆಳೆಯುತ್ತಲೇ ಇರುತ್ತದೆ ಅಂತ ಅದು ಅಂದುಕೊಂಡಿದೆ. ಯೋಜನೆಯ ದುಡ್ಡೂ ಹಾಗೇ ಕೊನೆಯಿಲ್ಲದೆ ಬೆಳೆದರೆ ಷೇರಿನ ಮಟ್ಟಿಗೆ ಲೆಕ್ಕ ಕರಾರುವಾಕ್ಕಾಗಿ ಕೂಡುತ್ತದೆ: 7ನ್ನು 7%ರಿಂದ ಭಾಗಿಸಿದರೆ 100, 7.37%ರಿಂದ ಭಾಗಿಸಿದರೆ 95. ಅಂಥ ಯೋಜನೆ ಎಷ್ಟು ಜನರ ಹತ್ತಿರ ಇದೆ ಹೇಳಿ.

ಬೇರೆಯವರ ಶೀಟ್ ನಿಮ್ಮ ಕೈಗೆ ಬಂದರೆ ಎರಡು ಜಾಗ ನೋಡಿ. ಸೊನ್ನೆ ವರ್ಷದ ಕಾಲಮ್ಮಿನಲ್ಲಿ ಫೀ ಇದೆಯಾ, ರೇಟಿನ ಸೂತ್ರದಲ್ಲಿ `(1 − f)` ಇದೆಯಾ. ಎರಡೂ ಇದ್ದರೆ ಒಂದೇ ಖರ್ಚನ್ನು ಎರಡು ಸಲ ಹಾಕಿದ್ದಾರೆ. ಇದು ನೀವು ಅಂದುಕೊಂಡಷ್ಟು ಅಪರೂಪವಲ್ಲ, ಏಕೆಂದರೆ ರೇಟ್ ಲೆಕ್ಕ ಒಬ್ಬರದ್ದು, ಯೋಜನೆಯ ಲೆಕ್ಕ ಇನ್ನೊಬ್ಬರದ್ದು.

ಷೇರಿನ ಪಾಲನ್ನು ಕಂಪನಿ ಉಳಿಸಿಟ್ಟ ಲಾಭದಿಂದಲೇ ಹಾಕಿದರೆ ಆ 5% ಇಲ್ಲ. ಆಗ ಖರ್ಚು 0.4% ಮಾತ್ರ, ಹೂಡಿಕೆ 100.40, ನಮ್ಮ ಮೂರು ವರ್ಷದ ಯೋಜನೆ 1.56 ಲಾಭಕ್ಕೆ ತಿರುಗುತ್ತದೆ. ಹಾಗಂತ ಈ ವರ್ಷ ಕೈಯಲ್ಲಿ ದುಡ್ಡಿದೆ ಅಂತ ಸುಮ್ನೆ ಸೊನ್ನೆ ಹಾಕಬೇಡಿ. ಇದಕ್ಕೆ ಖಾಲಿಯಾದ ಲಾಭದಿಂದ ಮುಂದಿನ ಯೋಜನೆಗೆ ಷೇರು ಬಿಡಬೇಕಾಗಿ ಬಂದರೆ, ಆ ಖರ್ಚಿಗೆ ಕಾರಣ ಇದೇ. ಕಂಪನಿ ಸಾಮಾನ್ಯವಾಗಿ ಎಲ್ಲಿಂದ ಎಷ್ಟು ಎತ್ತುತ್ತದೋ ಆ ಪ್ರಮಾಣ ಹಿಡಿಯುವುದು ನನ್ನ ಪ್ರಕಾರ ವಾಸಿ.

ಫೀಯನ್ನು ರೇಟಿಗೆ ಸೇರಿಸುವುದು ಸರಿಯಾಗುವ ಜಾಗವೂ ಒಂದಿದೆ: ಎರಡು ಬ್ಯಾಂಕುಗಳ ಸಾಲ ಹೋಲಿಸುವಾಗ. ಒಂದರಲ್ಲಿ ಬಡ್ಡಿ ಕಡಿಮೆ, ಫೀ ಜಾಸ್ತಿ, ಇನ್ನೊಂದರಲ್ಲಿ ಉಲ್ಟಾ. ಅವಧಿ ಒಂದೇ ಆಗಿದ್ದರೆ, ಕೈಗೆ ಬಂದ ದುಡ್ಡಿನ ಮೇಲೆ ನಿಜವಾಗಿ ಬೀಳುವ ಬಡ್ಡಿ ಕಂಡುಹಿಡಿದು ಹೋಲಿಸಿ. ಅಗ್ಗದ್ದನ್ನು ಆರಿಸಿದ ಮೇಲೆ ಆ ಫೀ ಯೋಜನೆಯ ಲೆಕ್ಕದಲ್ಲಿ ಸೊನ್ನೆ ವರ್ಷದ ಕಾಲಮ್ಮಿಗೇ ಹೋಗಬೇಕು.